ಅರಿಶಿನ ಹಸಿರಾದಾಗ

ಕಳೆದ ರಾಜ್ಯೋತ್ಸವದ ಬೆಳಿಗ್ಗೆ ನಾನು ಓದಿದ ಹೈಸ್ಕೂಲಿನ ಸಭಾಂಗಣದಲ್ಲಿ ಒಂದು ವಿಚಿತ್ರ ಕಂಡೆ. ಮಕ್ಕಳು ಹಾಡು ಹೇಳುತ್ತಿದ್ದರು. ಹಿಂದಿನ ಪರದೆಯ ಮೇಲೆ ಪ್ರೊಜೆಕ್ಟರಿನಿಂದ ಕನ್ನಡ ಬಾವುಟ ಮೂಡಿಸಿದ್ದರು. ಮೊದಲ ಹಾಡು ಮುಗಿಯುವ ಹೊತ್ತಿಗೆ ಯಂತ್ರದೊಳಗಿಂದ ಸಣ್ಣದಾಗಿ ಸೀಟಿ ಹೊಡೆದ ಹಾಗೆ ಸದ್ದು ಶುರುವಾಯಿತು. ಆಮೇಲೆ ಟಪ್ ಅಂತ ಏನೋ ಸಿಡಿದ ಶಬ್ದ. ನೋಡುನೋಡುತ್ತಲೇ ಬಾವುಟದ ಅರಿಶಿನ ಎಳೆ ಹಸಿರಾಯಿತು, ಕುಂಕುಮ ಬೂದಿ ಬಳಿದಂತೆ ಬಿಳಿಚಿಕೊಂಡಿತು. ಪಕ್ಕದಲ್ಲಿದ್ದ ಮುಖ್ಯಮಂತ್ರಿಗಳ ಚಿತ್ರದ ಮುಖಕ್ಕೂ ಅದೇ ಗತಿ. ಬಿಳಿ ಅಕ್ಷರಗಳು ಮಾತ್ರ ಹೆಚ್ಚುಕಡಿಮೆ ಬಿಳಿಯಾಗಿಯೇ ಉಳಿದಿದ್ದವು.

"ಮತ್ತೆ ಲ್ಯಾಂಪು ಹೋಯ್ತು," ಎಂದರು ಹೆಡ್‌ಮಾಸ್ತರು. ಮೂರು ತಿಂಗಳ ಹಿಂದಷ್ಟೇ ಹೊಸ ಲ್ಯಾಂಪು ಹಾಕಿಸಿದ್ದರು. ಹಳೇ ವಿದ್ಯಾರ್ಥಿಗಳ ಸಂಘದಿಂದ ದುಡ್ಡು ಕೂಡಿಸಿದವರಲ್ಲಿ ನಾನೂ ಒಬ್ಬ. ಹಾಗಾಗಿ ಕಾರಣ ತಿಳಿಯುವವರೆಗೆ ಬಿಡುವ ಮನಸ್ಸಾಗಲಿಲ್ಲ.

ಪ್ರೊಜೆಕ್ಟರಿನ ಚಿತ್ರ ಮಂಕಾದರೂ ಲ್ಯಾಂಪು, ಬಣ್ಣ ಕೆಟ್ಟರೂ ಲ್ಯಾಂಪು, ತಾನಾಗಿ ಆರಿಹೋದರೂ ಲ್ಯಾಂಪು ಎನ್ನುವುದು ನಮ್ಮಲ್ಲಿ ವಾಡಿಕೆ. ಲ್ಯಾಂಪು ತಪ್ಪಿತಸ್ಥನೇ ಅಲ್ಲ ಎಂದೇನೂ ಅಲ್ಲ. ಆದರೆ ನಮ್ಮ ಶಾಲೆಯಲ್ಲಿ ನಡೆದದ್ದು ಬೇರೆ. ಅದನ್ನು ತಿಳಿಯಲು ಆಗಸ್ಟ್ ತಿಂಗಳಿಂದ ಶುರು ಮಾಡಬೇಕು.

ಸ್ವಾತಂತ್ರ್ಯ ದಿನದ ಹೊತ್ತಿಗೆ ಚಿತ್ರ ತೀರಾ ಮಸುಕಾಗಿತ್ತು. ಕಿಟಕಿಗೆ ಪರದೆ ಎಳೆಯದಿದ್ದರೆ ಏನೂ ಕಾಣುತ್ತಿರಲಿಲ್ಲ. ಅದು 3000 ಲ್ಯೂಮೆನ್‌ನ ಯಂತ್ರ, ಪರದೆ 8 ಅಡಿಗೆ 6 ಅಡಿ, ಅಂದರೆ ಸುಮಾರು ನಾಲ್ಕೂವರೆ ಚದರ ಮೀಟರ್. ಹೊಸತರಲ್ಲಿ ಆ ಪರದೆಯ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ 670 ಲಕ್ಸ್. ಲ್ಯಾಂಪು ಅರ್ಧಕ್ಕೆ ಇಳಿದರೆ 335. ಕಿಟಕಿಯಿಂದ ಬರುವ ಹಗಲು ಬೆಳಕು ಪರದೆಯ ಮೇಲೆ 200 ಲಕ್ಸ್ ಬೀಳುತ್ತಿದೆ ಎಂದಿಟ್ಟುಕೊಳ್ಳಿ. ಆಗ ಚಿತ್ರದ ಕಪ್ಪು ಎಂದರೆ ಆ 200 ಲಕ್ಸ್ ಬೆಳಕೇ, ಏಕೆಂದರೆ ಪ್ರೊಜೆಕ್ಟರು ಕತ್ತಲನ್ನು ಎರಚಲಾರದು. ಹೊಸ ಲ್ಯಾಂಪಿನಲ್ಲಿ ಬಿಳಿಯು ಕಪ್ಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಳಗುತ್ತದೆ, ಹಳೆಯದರಲ್ಲಿ ಮೂರು ಪಟ್ಟೂ ಇಲ್ಲ. ಕತ್ತಲ ಕೋಣೆಯಲ್ಲಿ ಅರ್ಧ ಬೆಳಕು ಅಷ್ಟೇನೂ ಮಂಕೆನಿಸುವುದಿಲ್ಲ, ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ. ಕಿಟಕಿ ತೆರೆದಿದ್ದರೆ ಅದೇ ಚಿತ್ರ ನೀರು ಹಾಕಿದ ಮಜ್ಜಿಗೆ.

ಈ ಲ್ಯಾಂಪು ನಮ್ಮ ಮನೆಯ ಬಲ್ಬಿನ ಜಾತಿಯದಲ್ಲ. ಅದರೊಳಗೆ ಉರಿಯುವ ತಂತಿಯೇ ಇಲ್ಲ. ಕಡಲೆಕಾಳಿನಷ್ಟು ದೊಡ್ಡ ಕ್ವಾರ್ಟ್ಸ್ ಗಾಜಿನ ಬುಗುಟಿನಲ್ಲಿ ಟಂಗ್‌ಸ್ಟನ್ನಿನ ಎರಡು ಮೊನೆಗಳು ಒಂದಕ್ಕೊಂದು ಎದುರಾಗಿ, ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ನಿಂತಿರುತ್ತವೆ. ಒಳಗೆ ಒಂದಿಷ್ಟು ಪಾದರಸ. ಉರಿಯುವಾಗ ಪಾದರಸ ಆವಿಯಾಗಿ ಒಳಗಿನ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡದ ಇನ್ನೂರು ಪಟ್ಟಿನ ಆಸುಪಾಸಿಗೆ ಏರುತ್ತದೆ. ಆ ಒಂದು ಮಿಲಿಮೀಟರ್ ಕಿಡಿಯೇ ಇಡೀ ಪರದೆಯನ್ನು ಬೆಳಗುವುದು. ಕಿಡಿ ಚಿಕ್ಕದಾಗಿದ್ದಷ್ಟೂ ಬೆಳಕನ್ನು ಒಂದೆಡೆ ಕೂಡಿಸಿ ಕನ್ನಡಿ, ಮಸೂರಗಳ ಕಿರಿದಾದ ದಾರಿಯಲ್ಲಿ ಸಾಗಿಸುವುದು ಸುಲಭ.

ವಯಸ್ಸಾಗುತ್ತಾ ಮೊನೆಗಳು ಸವೆಯುತ್ತವೆ, ಕಿಡಿ ಉದ್ದವಾಗುತ್ತದೆ, ಬೆಳಕಿನ ಒಂದು ಪಾಲು ಆ ಕಿರಿದಾರಿಗೆ ಹೋಗದೆ ಪಕ್ಕಕ್ಕೆ ಚೆಲ್ಲುತ್ತದೆ. ಸವೆದ ಟಂಗ್‌ಸ್ಟನ್ ಗಾಜಿಗೆ ಅಂಟಿ ಮಸಿಯಾಗುತ್ತದೆ. ಒಳಗಿರುವ ತುಸು ಬ್ರೋಮಿನ್ ಆ ಮಸಿಯನ್ನು ಎತ್ತಿ ಮತ್ತೆ ಮೊನೆಗಳಿಗೇ ಮುಟ್ಟಿಸುವ ಕೆಲಸ ಮಾಡುತ್ತಿರುತ್ತದೆ, ಆದರೆ ಗಾಜಿನ ಬಿಸಿ ಹದವಾಗಿದ್ದರೆ ಮಾತ್ರ. ಬಿಸಿ ಕಡಿಮೆಯಾದರೆ ಮಸಿ ಗಾಜಿನ ಮೇಲೇ ಕೂರುತ್ತದೆ. ಹೆಚ್ಚಾದರೆ ಕ್ವಾರ್ಟ್ಸ್ ಗಾಜೇ ಹರಳುಗಟ್ಟಿ, ಸುಣ್ಣ ಸಾರಿಸಿದ ಹಾಗೆ ಬೆಳ್ಳಗಾಗುತ್ತದೆ. ತಣ್ಣಗಾದ ಹಳೆಯ ಲ್ಯಾಂಪನ್ನು ಕೈಯಲ್ಲಿ ಹಿಡಿದು ನೋಡಿದರೆ ಯಾವುದರಿಂದ ಸೋತಿದೆ ಎಂದು ಗೊತ್ತಾಗಿಬಿಡುತ್ತದೆ. ಗಾಜು ತಿಳಿಯಾಗಿ, ಮೇಲೆ ತುಸು ಕಪ್ಪು ಇದ್ದರೆ ಸಹಜ ಮುಪ್ಪು. ಹಾಲಿನಂತೆ ಮಬ್ಬಾಗಿ, ಬುಗುಟು ಊದಿಕೊಂಡಿದ್ದರೆ ಅದು ಬೇಗೆಯಲ್ಲಿ ಬೆಂದ ಲ್ಯಾಂಪು.

ಡಬ್ಬಿಯ ಮೇಲೆ 4000 ಗಂಟೆ ಎಂದು ಬರೆದಿರುತ್ತಾರಲ್ಲ, ಅದು ಲ್ಯಾಂಪು ಸಾಯುವ ಗಂಟೆಯಲ್ಲ. ಹೆಚ್ಚಿನ ತಯಾರಕರ ಲೆಕ್ಕದಲ್ಲಿ ಬೆಳಕು ಮೊದಲಿನ ಅರ್ಧಕ್ಕೆ ಇಳಿಯುವ ಗಂಟೆ. ಇಳಿತವೂ ಸಮನಾಗಿರುವುದಿಲ್ಲ. ಮೊದಲ ಕೆಲವು ನೂರು ಗಂಟೆಗಳಲ್ಲಿ ಬೇಗ ಇಳಿದು ಆಮೇಲೆ ನಿಧಾನವಾಗುತ್ತದೆ. ದಿನಕ್ಕೆ 4 ಗಂಟೆಯಂತೆ ವರ್ಷಕ್ಕೆ 220 ದಿನ ಓಡಿಸಿದರೆ 880 ಗಂಟೆ, ಅಂದರೆ ನಾಲ್ಕೂವರೆ ವರ್ಷ ಬರಬೇಕು. ನಮ್ಮ ಶಾಲೆಯ ಯಂತ್ರದ ಮೆನುವಿನಲ್ಲಿ ಆಗಸ್ಟಿನಲ್ಲಿ ತೋರಿಸುತ್ತಿದ್ದದ್ದು 2300 ಗಂಟೆ. ಅಷ್ಟಕ್ಕೇ ಅದು ಕುರುಡಾಗಿತ್ತು. ತೆಗೆದಿಟ್ಟಿದ್ದ ಆ ಲ್ಯಾಂಪನ್ನು ನವೆಂಬರಿನಲ್ಲಿ ಬೀರುವಿನಿಂದ ಹೊರತೆಗೆದು ನೋಡಿದೆವು. ಹಾಲಿನ ಹಾಗಿತ್ತು.

ಹೊಸ ಲ್ಯಾಂಪು ಕೂರಿಸಿದ ಮೇಲೆ ಚಿತ್ರವೇನೋ ಫಳಫಳ ಹೊಳೆಯಿತು. ಆದರೆ ಮುಕ್ಕಾಲು ಗಂಟೆ ಓಡಿಸಿದರೆ TEMP ಎಂಬ ಕೆಂಪು ದೀಪ ಹತ್ತಿ ಯಂತ್ರ ತಾನಾಗಿ ನಿಂತುಹೋಗುತ್ತಿತ್ತು. ಅದಕ್ಕೆ ನಮ್ಮ ಮೇಷ್ಟ್ರುಗಳು ಕಂಡುಕೊಂಡ ಉಪಾಯ ಒಂದು ಟೇಬಲ್ ಫ್ಯಾನು. ಪ್ರೊಜೆಕ್ಟರಿನ ಪಕ್ಕದ ಮೇಜಿನ ಮೇಲಿಟ್ಟು ಜೋರಾಗಿ ತಿರುಗಿಸಿದರೆ ಒಂದು ಪಿರಿಯಡ್ ಮುಗಿಯುತ್ತಿತ್ತು. ನಗಬೇಡಿ, ಈ ಟೇಬಲ್ ಫ್ಯಾನನ್ನು ಕಲ್ಯಾಣಮಂಟಪಗಳಲ್ಲೂ ನೋಡಿದ್ದೇನೆ.

ರಾಜ್ಯೋತ್ಸವದ ಮಾರನೇ ದಿನ ತಾಲ್ಲೂಕಿನಿಂದ ರಿಪೇರಿಯವನನ್ನು ಕರೆಸಿದೆವು. ನನಗಿಂತ ಹತ್ತು ವರ್ಷ ಚಿಕ್ಕವನು, ಅದೇ ಶಾಲೆಯಲ್ಲಿ ಓದಿದವನು. ಬಂದವನು ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಬಾವುಟದ ಚಿತ್ರ ಹಾಕಿಸಿ, ರಿಮೋಟಿನಲ್ಲಿ Menu ಒತ್ತಿ ಸುಮ್ಮನೆ ನಿಂತ.

"ಕೇಬಲ್ ಬದಲಾಯಿಸಿ ನೋಡೋಣವೇನಪ್ಪ?" ಎಂದರು ಹೆಡ್‌ಮಾಸ್ತರು.

"ಕೇಬಲ್ ಅಲ್ಲ ಸಾರ್. ಕೇಬಲ್ ಆಗಿದ್ರೆ ಕೆಂಪು ಕಪ್ಪಾಗ್ತಿತ್ತು. ಇಲ್ಲಿ ಬೆಳ್ಳಗಾಗಿದೆ. ಮೆನುವಿನ ಬಣ್ಣಾನೂ ಕೆಟ್ಟಿದೆ ನೋಡಿ."

ಆ ಒಂದು ಮಾತಿನಲ್ಲಿ ಅರ್ಧ ರಿಪೇರಿ ಇತ್ತು. ಮೆನುವನ್ನು ಪ್ರೊಜೆಕ್ಟರು ತನ್ನೊಳಗೇ ತಯಾರಿಸುತ್ತದೆ, ಅದು ಲ್ಯಾಪ್‌ಟಾಪಿನಿಂದ ಬರುವುದಲ್ಲ. ಚಿತ್ರ ಕೆಟ್ಟು ಮೆನು ನೆಟ್ಟಗಿದ್ದರೆ ತಪ್ಪು ಕೇಬಲ್ಲಿನದು ಇಲ್ಲವೇ ಲ್ಯಾಪ್‌ಟಾಪಿನದು. ಎರಡೂ ಕೆಟ್ಟಿದ್ದರೆ ತಪ್ಪು ಯಂತ್ರದೊಳಗಿದೆ. ನೀಲಿ ತುದಿಯ ಹಳೆಯ ವಿಜಿಎ ಕೇಬಲ್ಲಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದು ಪ್ರತ್ಯೇಕ ಕಡ್ಡಿ ಇರುತ್ತದೆ. ಕೆಂಪಿನ ಕಡ್ಡಿ ಬಾಗಿದರೆ ಕೆಂಪು ಬರುವುದೇ ಇಲ್ಲ. ಆಗ ಕುಂಕುಮ ಕಪ್ಪಾಗುತ್ತದೆ. ಕೆಂಪೂ ಹಸಿರೂ ಕೂಡಿದ್ದೇ ಪರದೆಯ ಹಳದಿಯಾದ್ದರಿಂದ ಅರಿಶಿನ ಗಾಢ ಹಸಿರಾಗುತ್ತದೆ. ನಮ್ಮಲ್ಲಿ ಅರಿಶಿನ ಹಸಿರಾಗಿತ್ತು ನಿಜ, ಆದರೆ ಪೇಲವ ಹಸಿರು. ಕೆಂಪು ಇಲ್ಲವಾಗಿರಲಿಲ್ಲ, ಕೆಂಪಿನ ಜಾಗಕ್ಕೆ ಬಿಳಿ ಬಂದು ಕೂತಿತ್ತು. ಕನ್ನಡ ಬಾವುಟ ಇಷ್ಟು ಒಳ್ಳೆಯ ಪರೀಕ್ಷಾಪಟ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

ಕೆಂಪಿನ ಜಾಗಕ್ಕೆ ಬಿಳಿ ಹೇಗೆ ಬರುತ್ತದೆ? ಅದಕ್ಕೆ ಬಣ್ಣದ ಚಕ್ರದ ಬಗ್ಗೆ ತಿಳಿಯಬೇಕು.

ನಮ್ಮ ಶಾಲೆಯದು ಡಿಎಲ್‌ಪಿ ಜಾತಿಯ ಪ್ರೊಜೆಕ್ಟರು. ಇದರ ಹೃದಯ 1987ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಲ್ಯಾರಿ ಹಾರ್ನ್‌ಬೆಕ್ ಕಂಡುಹಿಡಿದ ಒಂದು ಚಿಪ್ಪು. ಅಂಚೆಚೀಟಿಗಿಂತ ಚಿಕ್ಕದಾದ ಆ ಚಿಪ್ಪಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕನ್ನಡಿಗಳಿವೆ, 1024 ಅಡ್ಡ, 768 ಉದ್ದ, ಒಟ್ಟು ಸುಮಾರು 7.86 ಲಕ್ಷ. ಪ್ರತಿ ಕನ್ನಡಿಯೂ ಆಚೆ ಈಚೆ ವಾಲಿ ಬೆಳಕನ್ನು ಪರದೆಗೆ ಕಳಿಸುತ್ತದೆ ಇಲ್ಲವೇ ತಡೆಯುತ್ತದೆ. ಆದರೆ ಕನ್ನಡಿಗೆ ಬಣ್ಣ ಗೊತ್ತಿಲ್ಲ. ಬಣ್ಣ ಕೊಡುವುದು ಲ್ಯಾಂಪಿಗೂ ಚಿಪ್ಪಿಗೂ ನಡುವೆ ತಿರುಗುವ ಗಾಜಿನ ಚಕ್ರ. ಬಳೆಗಿಂತ ಚಿಕ್ಕದು. ಅದರ ಸುತ್ತ ಹೋಳಿಗೆ ತುಂಡು ಮಾಡಿದ ಹಾಗೆ ಕೆಂಪು, ಹಸಿರು, ನೀಲಿ ಗಾಜಿನ ಹಲ್ಲೆಗಳು, ಜೊತೆಗೆ ಬಹಳ ಯಂತ್ರಗಳಲ್ಲಿ ಬಣ್ಣವಿಲ್ಲದ ಒಂದು ಹಲ್ಲೆ. ಕೆಂಪು ಹಲ್ಲೆ ಬೆಳಕಿನ ದಾರಿಗೆ ಬಂದಾಗ ಕನ್ನಡಿಗಳು ಚಿತ್ರದ ಕೆಂಪು ಭಾಗವನ್ನು ತೋರಿಸುತ್ತವೆ, ಹಸಿರು ಬಂದಾಗ ಹಸಿರು ಭಾಗವನ್ನು. ನಿಮಿಷಕ್ಕೆ 7200 ಸುತ್ತು ತಿರುಗುವುದು ಸಾಮಾನ್ಯ, ಅಂದರೆ ಮನೆಯ ಸೀಲಿಂಗ್ ಫ್ಯಾನಿನ ಸುಮಾರು ಇಪ್ಪತ್ತು ಪಟ್ಟು ವೇಗ. ಒಂದಾದ ಮೇಲೊಂದು ಬರುವ ಮೂರು ಚಿತ್ರಗಳನ್ನು ನಮ್ಮ ಕಣ್ಣು ಕಲಸಿ ಒಂದೇ ಚಿತ್ರ ಮಾಡಿಕೊಳ್ಳುತ್ತದೆ. ನಿಮ್ಮ ಪ್ರೊಜೆಕ್ಟರಿನಲ್ಲಿ ಚಕ್ರ ಇದೆಯೋ ಇಲ್ಲವೋ ತಿಳಿಯಲು ಬಿಚ್ಚಬೇಕಿಲ್ಲ. ಪರದೆ ತುಂಬಾ ಬಿಳಿ ಚಿತ್ರ ಹಾಕಿ, ಕಣ್ಣೆದುರು ಬೆರಳು ಅಗಲಿಸಿ ಕೈಯನ್ನು ಬೇಗಬೇಗ ಆಡಿಸಿ. ಬೆರಳಂಚಿನಲ್ಲಿ ಕೆಂಪು, ಹಸಿರು, ನೀಲಿ ಗೆರೆಗಳು ಒಡೆದು ಕಂಡರೆ ಚಕ್ರ ಇದೆ.

ಈಗ ಕೆಂಪು ಹಲ್ಲೆ ಕಿತ್ತುಹೋಯಿತು ಎನ್ನಿ. ಚಿಪ್ಪಿಗೆ ಅದು ತಿಳಿಯುವುದಿಲ್ಲ. ಕೆಂಪಿನ ಸರದಿ ಬಂದಾಗ ಎಂದಿನಂತೆ ಕನ್ನಡಿ ವಾಲಿಸುತ್ತದೆ, ಆದರೆ ಆ ಖಾಲಿ ಜಾಗದಿಂದ ಲ್ಯಾಂಪಿನ ಬರೀ ಬೆಳಕು ನುಗ್ಗುತ್ತದೆ. ಆದ್ದರಿಂದ ಕುಂಕುಮ ಬೆಳ್ಳಗೆ, ಅರಿಶಿನ ಬಿಳಿ ಬೆರೆತ ಹಸಿರು. ಮನುಷ್ಯರ ಮೈಬಣ್ಣದಲ್ಲಿ ಕೆಂಪೇ ಹೆಚ್ಚಾದ್ದರಿಂದ ಮುಖಗಳು ಬೂದಿ ಬಳಿದಂತೆ. ಬಿಳಿ ಮಾತ್ರ ತುಸು ತಣ್ಣನೆಯ ಛಾಯೆ ಹೊತ್ತು ಬಿಳಿಯಾಗಿಯೇ ಉಳಿಯುತ್ತದೆ.

ರಿಪೇರಿ ಹುಡುಗ ಯಂತ್ರ ಬಿಚ್ಚಿ ಬೋರಲು ಹಾಕಿದಾಗ ಮೇಜಿನ ಮೇಲೆ ಉದುರಿದ್ದು ಗಾಜಿನ ನಾಲ್ಕು ಚೂರು. ಕನ್ನಡಿಯ ಹಾಗೆ ಮಿರುಗುತ್ತಿದ್ದವು. ಕಿಟಕಿಗೆ ಹಿಡಿದು ಒಳಗಿಂದ ನೋಡಿದರೆ ಅಪ್ಪಟ ಕೆಂಪು. ಚಕ್ರದ ನಡುಗುಂಬಕ್ಕೆ ಹಲ್ಲೆಗಳನ್ನು ಅಂಟಿಸಿರುತ್ತಾರೆ. ವಿಪರೀತ ಕಾದು ಅಂಟು ಸಡಿಲವಾಗಿದೆ, ಆ ವೇಗಕ್ಕೆ ಹಲ್ಲೆ ಹಾರಿ ಗೋಡೆಗೆ ಬಡಿದಿದೆ. ಮೊದಲು ಕೇಳಿದ ಸೀಟಿ, ಬೇಗೆಗೆ ಗ್ರೀಸ್ ಒಣಗಿದ ಚಕ್ರದ ಬೇರಿಂಗಿನದು.

"ಇಷ್ಟು ಕಾಯೋದಕ್ಕೆ ಏನು ಕಾರಣ?" ಅಂದೆ. ಅವನು ಮಾತಾಡಲಿಲ್ಲ. ಯಂತ್ರದ ಪಕ್ಕದ ಜಾಲರಿ ಮುಚ್ಚಳ ಜಾರಿಸಿ, ಅಂಗೈ ಅಗಲದ ಫೋಮ್ ಫಿಲ್ಟರನ್ನು ಹೊರಗೆಳೆದು ಟ್ಯೂಬ್‌ಲೈಟಿಗೆ ಹಿಡಿದ. ಒಂದು ಎಳೆ ಬೆಳಕೂ ತೂರಿಬರಲಿಲ್ಲ. ಕರಿ ಫೋಮು ಬೆಳ್ಳಗಾಗಿತ್ತು. ಬೆರಳಲ್ಲಿ ಉಜ್ಜಿದರೆ ಬಂದದ್ದು ಸೀಮೆಸುಣ್ಣ. ಕಪ್ಪುಹಲಗೆಯಿಂದ ಆರಡಿ ದೂರದಲ್ಲಿ ನಾಲ್ಕು ವರ್ಷ ಕೂತ ಯಂತ್ರ ಅದು. ಫಿಲ್ಟರು ಅಂತ ಒಂದಿದೆ ಎಂದೇ ಯಾರಿಗೂ ಗೊತ್ತಿರಲಿಲ್ಲ.

ಆಗ ಎಲ್ಲ ಒಂದೇ ದಾರಕ್ಕೆ ಕೂಡಿಕೊಂಡಿತು. ಉಸಿರು ಕಟ್ಟಿದ ಯಂತ್ರದಲ್ಲಿ ಮೊದಲು ಬೆಂದದ್ದು ಹಳೆಯ ಲ್ಯಾಂಪು, 4000ದ ಬದಲು 2300 ಗಂಟೆಗೆ. ಹೊಸ ಲ್ಯಾಂಪು ಪೂರ್ತಿ ಬಲದಿಂದ ಉರಿದು ಬಿಸಿ ಹೆಚ್ಚಿಸಿದಾಗ TEMP ದೀಪ ಹತ್ತತೊಡಗಿತು. ಅದು ಯಂತ್ರ ಕೈಮುಗಿದು ಹೇಳಿದ ಮಾತು. ಅದಕ್ಕೆ ನಾವು ಟೇಬಲ್ ಫ್ಯಾನಿನಿಂದ ಉತ್ತರ ಕೊಟ್ಟೆವು. ಹೊರಮೈ ತಣ್ಣಗಾಗಿ, ಒಳಗೆ ಚಕ್ರ ಬೇಯುತ್ತಲೇ ಇತ್ತು. ಸಾಲದ್ದಕ್ಕೆ ಫ್ಯಾನು ತರಗತಿಯ ಧೂಳನ್ನು ಎತ್ತಿ ಯಂತ್ರದ ಮೂಗಿಗೇ ಬಡಿಯುತ್ತಿತ್ತು. ಆಗಸ್ಟಿನಲ್ಲಿ ಲ್ಯಾಂಪು ಹಾಕಿದ ಅಂಗಡಿಯವರು ಆ ಮುಚ್ಚಳ ಜಾರಿಸಿ ನೋಡಿದ್ದರೆ ಚಕ್ರ ಉಳಿಯುತ್ತಿತ್ತು ಎನ್ನುವುದು ನನ್ನ ಆರೋಪ. ನೋಡದಿದ್ದ ನಮ್ಮದೂ ತಪ್ಪೇ.

ಫಿಲ್ಟರಿಗೆ ತಯಾರಕರು ಕೈಪಿಡಿಯಲ್ಲಿ ಇಷ್ಟು ಗಂಟೆಗೊಮ್ಮೆ ಎಂದು ಬರೆದಿರುತ್ತಾರೆ. ಸೀಮೆಸುಣ್ಣದ ತರಗತಿಗೆ ಆ ಲೆಕ್ಕ ಸಾಲದು, ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಯಂತ್ರ ಆರಿಸಿ, ಪ್ಲಗ್ಗು ಕಿತ್ತು, ಫಿಲ್ಟರನ್ನು ಅಂಗಳಕ್ಕೆ ಒಯ್ದು ಮೆತ್ತನೆಯ ಬ್ರಷ್ಷಿನಿಂದ ಧೂಳು ಕೊಡವಿದರೆ ಸಾಕು. ಕೈಪಿಡಿ ಹೇಳದ ಹೊರತು ನೀರಿಗೆ ಹಾಕಬೇಡಿ, ಕೆಲವು ಫಿಲ್ಟರುಗಳು ನೀರಿಗೆ ಕೆಡುತ್ತವೆ. ಬ್ಲೋವರ್ ತಂದು ಯಂತ್ರದ ಬಾಯಿಗೆ ಊದುವುದಂತೂ ಬೇಡವೇ ಬೇಡ. ಆ ಧೂಳು ನೇರ ಹೋಗಿ ಕೂರುವುದು ಚಕ್ರದ ಪಕ್ಕದ ಪುಟ್ಟ ಕಣ್ಣಿನ ಮೇಲೆ.

ಆ ಕಣ್ಣಿನದೇ ಒಂದು ಕಥೆ. ಚಕ್ರದ ನಡುಗುಂಬದ ಮೇಲೆ ಒಂದು ಗುರುತಿನ ಪಟ್ಟೆ ಇರುತ್ತದೆ. ಪ್ರತಿ ಸುತ್ತಿನಲ್ಲೂ ಆ ಪಟ್ಟೆ ಎದುರು ಬಂದಾಗ ಸೆನ್ಸರು ಅದನ್ನು ಕಂಡು, ಈಗ ಯಾವ ಬಣ್ಣದ ಸರದಿ ಎಂದು ಚಿಪ್ಪಿಗೆ ತಿಳಿಸುತ್ತದೆ. ಸೆನ್ಸರು ಜಾಗ ಬಿಟ್ಟು ಸರಿದರೆ ಸರದಿ ತಪ್ಪಿ ಬಣ್ಣಗಳು ಅದಲುಬದಲಾಗುತ್ತವೆ, ಕೆಂಪಿನ ಕಡೆ ನೀಲಿ, ನೀಲಿಯ ಕಡೆ ಹಸಿರು. ಕಪ್ಪು ಬಿಳುಪಿನ ಚಿತ್ರ ಮಾತ್ರ ಹೆಚ್ಚುಕಡಿಮೆ ಸರಿಯಾಗಿ ಕಾಣುತ್ತದೆ. ಮೂರೂ ಬಣ್ಣ ಸಮವಾಗಿರುವಲ್ಲಿ ಸರದಿ ತಪ್ಪಿದರೂ ಗೊತ್ತಾಗದು. ಧೂಳು ಕೂತು ಸೆನ್ಸರು ಪೂರ್ತಿ ಕುರುಡಾದರೆ ಯಂತ್ರ ಹತ್ತಿದ ಹಾಗೆ ಮಾಡಿ, ಸ್ವಲ್ಪ ಹೊತ್ತಿಗೇ ಆರಿಹೋಗಬಹುದು. ಜನ ಮತ್ತೆ ಹೊಸ ಲ್ಯಾಂಪಿಗೆ ಓಡುತ್ತಾರೆ.

ಚಕ್ರವೇ ಇಲ್ಲದ ಎಲ್‌ಸಿಡಿ ಪ್ರೊಜೆಕ್ಟರುಗಳ ಕಾಯಿಲೆ ಬೇರೆ. ಅವು ಬೆಳಕನ್ನು ಮೂರಾಗಿ ಸೀಳಿ, ಮೂರು ಪುಟ್ಟ ಫಲಕಗಳ ಮೂಲಕ ಹಾಯಿಸಿ ಮತ್ತೆ ಕೂಡಿಸುತ್ತವೆ. ಅಲ್ಲಿ ಬೇಗೆಗೆ ಮೊದಲು ಬಲಿಯಾಗುವುದು ಸಾಮಾನ್ಯವಾಗಿ ನೀಲಿಯ ದಾರಿಯಲ್ಲಿರುವ ಧ್ರುವೀಕರಣದ ಹಾಳೆ. ಅದು ಸುಟ್ಟಲ್ಲಿ ನೀಲಿ ಹದ ತಪ್ಪಿ, ಬಿಳಿ ಪರದೆಯ ಮೇಲೆ ಹಳದಿಯ ಇಲ್ಲವೇ ನೀಲಿಯ ಮಚ್ಚೆ ಮೂಡುತ್ತದೆ. ಇಡೀ ಚಿತ್ರಕ್ಕೆ ಒಂದೇ ಸಮನೆ ಬಣ್ಣ ಬಳಿದಂತಿರದೆ ಮಚ್ಚೆ ಮಚ್ಚೆಯಾಗಿದ್ದು, ಯಾವ ಚಿತ್ರ ಹಾಕಿದರೂ ಅದೇ ಜಾಗದಲ್ಲಿ ನಿಂತರೆ ಅನುಮಾನವೇ ಬೇಡ. ಇದಕ್ಕೂ ಲ್ಯಾಂಪು ಬದಲಿಸಿ ಪ್ರಯೋಜನವಿಲ್ಲ.

ಇನ್ನೊಂದು ದೂರು ರೋಗವೇ ಅಲ್ಲ. ಲ್ಯಾಂಪು ಚೆನ್ನಾಗಿದ್ದಾಗಲೂ ನಮ್ಮ ಶಾಲೆಯ ಪರದೆಯಲ್ಲಿ ಅರಿಶಿನ ಸಾಸಿವೆಯ ಬಣ್ಣಕ್ಕಿತ್ತು ಎಂದು ಚಿತ್ರಕಲೆ ಮೇಷ್ಟ್ರು ಹೇಳುತ್ತಿದ್ದರು. ಅವರ ಕಣ್ಣು ಸರಿಯೇ. ಚಕ್ರದಲ್ಲಿ ಬಣ್ಣವಿಲ್ಲದ ಹಲ್ಲೆ ಇರುವುದು ಬಿಳಿಯನ್ನು ಹೆಚ್ಚು ಬೆಳಗಿಸಲು. Bright ಮೋಡಿನಲ್ಲಿ ಬಿಳಿ ಉಬ್ಬುತ್ತದೆ, ಹಳದಿ ಕೆಂಪುಗಳಿಗೆ ಆ ಪಾಲು ಸಿಗುವುದಿಲ್ಲ. ಪಕ್ಕದ ಬಿಳಿಯ ಮುಂದೆ ಹಳದಿ ಕಳೆಗುಂದಿ ಸಾಸಿವೆಯಾಗುತ್ತದೆ. Cinema ಅಥವಾ sRGB ಮೋಡಿಗೆ ಹಾಕಿದರೆ ಒಟ್ಟು ಬೆಳಕು ಇಳಿದರೂ ಬಣ್ಣ ಹದಕ್ಕೆ ಬರುತ್ತದೆ. ಪಾಠಕ್ಕೆ ಅದು, ಬಾವುಟಕ್ಕೆ ಇದು.

ಲ್ಯಾಂಪನ್ನೇ ಬದಲಿಸಬೇಕಾಗಿ ಬಂದರೆ ಮಾಡಬಾರದ್ದು ಒಂದಿದೆ. ಗಂಟೆ ಮುಗಿಯಿತೆಂದು ಯಂತ್ರ ಎಚ್ಚರಿಸಿದಾಗ ಲ್ಯಾಂಪು ಬದಲಿಸದೆ ಮೆನುವಿನಲ್ಲಿ ಎಣಿಕೆಯನ್ನಷ್ಟೇ ಸೊನ್ನೆಗೆ ತಂದು ಓಡಿಸುವ ಜಾಣರಿದ್ದಾರೆ. ಇನ್ನೂರು ಪಟ್ಟು ಒತ್ತಡದ ಹಳೆಯ ಗಾಜು ಬಿರಿದರೆ ಪಟಾಕಿಯಂತೆ ಸಿಡಿಯುತ್ತದೆ, ಪಾದರಸದ ಆವಿ ಕೋಣೆಗೆ ಬರುತ್ತದೆ. ಹಾಗಾದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ಬಾಗಿಲು ತೆರೆದು ಬಿಡಬೇಕು. ಹಾಗೆಯೇ ಪಾಠ ಮುಗಿದ ತಕ್ಷಣ ಗೋಡೆಯ ಸ್ವಿಚ್ಚು ಆರಿಸಬಾರದು. ಒಳಗಿನ ಫ್ಯಾನು ತಾನಾಗಿ ನಿಲ್ಲುವವರೆಗೆ ಕಾಯಬೇಕು. ಕರೆಂಟು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಪ್ರೊಜೆಕ್ಟರಿಗೊಂದು ಸಣ್ಣ ಯುಪಿಎಸ್ ದುಂದಲ್ಲ. ಪಾಠ ಮುಂದುವರಿಸಲಿಕ್ಕಲ್ಲ, ಎರಡು ಮೂರು ನಿಮಿಷ ಫ್ಯಾನು ತಿರುಗಿ ಲ್ಯಾಂಪು ತಣಿಯಲಿಕ್ಕೆ.

ನಮ್ಮ ಯಂತ್ರಕ್ಕೆ ಹೊಸ ಚಕ್ರ ಬರಲು ಮೂರು ವಾರ ಹಿಡಿಯಿತು. ಖರ್ಚು ಲ್ಯಾಂಪಿಗೆ ಕೊಟ್ಟಷ್ಟೇ ಆಯಿತು. ಈಗ ಪ್ರೊಜೆಕ್ಟರು ಕಪ್ಪುಹಲಗೆಯಿಂದ ದೂರ, ಚಾವಣಿಯಲ್ಲಿದೆ. ಟೇಬಲ್ ಫ್ಯಾನು ಸ್ಟಾಫ್ ರೂಮಿಗೆ ಮರಳಿದೆ. ಫಿಲ್ಟರು ತೆಗೆದ ತಾರೀಕನ್ನು ಹತ್ತನೇ ತರಗತಿಯ ಇಬ್ಬರು ಹುಡುಗಿಯರು ಹಾಜರಿ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಾರೆ. ನಿಮ್ಮ ಸಂಘದಲ್ಲೋ ಶಾಲೆಯಲ್ಲೋ ಚಿತ್ರ ಮಂಕಾದರೆ ಲ್ಯಾಂಪಿಗೆ ಚಂದಾ ಎತ್ತುವ ಮೊದಲು ಒಮ್ಮೆ ಮೆನು ಒತ್ತಿ ನೋಡಿ, ಪಕ್ಕದ ಜಾಲರಿ ಜಾರಿಸಿ ಫಿಲ್ಟರನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ.